ಹೂಕುಂಡದ ಕೆಳಗಿದ್ದ ಬಳೆ

ನಮ್ಮ ತರಬೇತಿ ಕೇಂದ್ರದಲ್ಲಿ ಅವರನ್ನು ಎಲ್ಲರೂ ಜೋಡಿ ಮೇಷ್ಟ್ರು ಎನ್ನುತ್ತಿದ್ದರು. ಹೆಂಡತಿಯೊಂದಿಗೆ ಸದಾ ಜೋಡಿಯಾಗಿ ಓಡಾಡುತ್ತಾರೆ ಎಂದುಕೊಂಡರೆ ತಪ್ಪಾದೀತು, ಅವರಿಗೆ ಮದುವೆಯೇ ಆಗಿರಲಿಲ್ಲ. ಕಪ್ಪು ಹಲಗೆಯ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆದು, ಎಡಕ್ಕೆ ನೇರ ಚಲನೆ, ಬಲಕ್ಕೆ ತಿರುಗುವ ಚಲನೆ ಎಂದು ಬರೆದು, ಒಂದೊಂದಕ್ಕೂ ಜೋಡಿ ಕೂಡಿಸುವುದು ಅವರ ಪಾಠದ ರೀತಿ. ದ್ರವ್ಯರಾಶಿಗೆ ತಿರುಗು ಜಡತ್ವ. ತಳ್ಳುವ ಬಲಕ್ಕೆ ತಿರುಗಿಸುವ ಬಲ, ಅಂದರೆ ಟಾರ್ಕ್. ಸಂವೇಗಕ್ಕೆ ಕೋನೀಯ ಸಂವೇಗ. "ಎಡಗಡೆದು ಗೊತ್ತಾದ್ರೆ ಬಲಗಡೆದು ತಾನಾಗೇ ಬರತ್ತೆ ಕಣ್ರಪ್ಪ, ಹೆದರ್ಬೇಡಿ," ಎನ್ನುತ್ತಿದ್ದರು. ಲೆಕ್ಕ ಎಂದರೆ ಬೆವರುತ್ತಿದ್ದ ಎಷ್ಟೋ ಜನ ಆ ಒಂದು ಮಾತು ಹಿಡಿದುಕೊಂಡೇ ಫಿಟ್ಟರ್‌ಗಳಾಗಿ ಹೊರಬಿದ್ದಿದ್ದಾರೆ.

ನಾನು ಅಲ್ಲಿನ ಪ್ರಯೋಗಶಾಲೆಯವಳು. ಸಾಮಾನು ಒರೆಸುವುದು, ಎಣಿಸುವುದು, ಬೀಗ ಹಾಕುವುದು ನನ್ನ ಕೆಲಸ. ಮೇಷ್ಟ್ರು ನನ್ನನ್ನು ಲ್ಯಾಬಮ್ಮ ಎನ್ನುತ್ತಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವರಿಗೆ ಬರುವುದೇ ಇಲ್ಲ. ಹಾಗಾಗಿ ಹದಿನಾಲ್ಕು ವರ್ಷ ಹೇಗೋ ಹೊಂದಿಕೊಂಡು ಹೋಗಿದ್ದೆವು. ಅವರದು ದಿನವೂ ಒಂದೇ ಬೂದು ಅಂಗಿ, ಜೇಬಿನಲ್ಲಿ ಮೂರು ತುಂಡು ಸೀಮೆಸುಣ್ಣ. ಒಂದು ಮುರಿದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದರು.

ಈಗ ನನ್ನ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಪಾಟಿನಲ್ಲಿ ಕಬ್ಬಿಣದ ಒಂದು ಬಿಲ್ಲೆ, ಒಂದು ಬಳೆ ಇದ್ದವು. ಬಿಲ್ಲೆ ಎಂದರೆ ಗಟ್ಟಿ ತಟ್ಟೆ. ಬಳೆ ಎಂದರೆ ನಡುವೆ ಖಾಲಿ, ಕಬ್ಬಿಣವೆಲ್ಲ ಅಂಚಿನಲ್ಲಿ. ಎರಡಕ್ಕೂ ಅಗಲ ಒಂದೇ, ತೂಕ ಒಂದೇ. ಇಳಿಜಾರು ಹಲಗೆಯ ಮೇಲಿಂದ ಒಟ್ಟಿಗೆ ಬಿಟ್ಟರೆ ಬಳೆ ಹಿಂದೆ ಬೀಳುತ್ತದೆ. ಜೋಡಿ ಪಾಠ ಮುಗಿದ ಮೇಲೆ ಮೇಷ್ಟ್ರು ಅದನ್ನು ತೋರಿಸುತ್ತಿದ್ದರು. ಒಂದು ವರ್ಷ ಆ ಬಳೆಯನ್ನು ನಾನು ಮನೆಗೆ ಒಯ್ದು ಹೂಕುಂಡದ ಕೆಳಗೆ ಇಟ್ಟೆ. ಕುಂಡ ಅದರ ಮೇಲೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಮೇಷ್ಟ್ರು ಕೇಳಿದಾಗ, "ಎಲ್ಲೋ ಕೈತಪ್ಪಿದೆ ಸಾರ್, ಹುಡುಕ್ತೀನಿ," ಎಂದೆ. "ಹೋಗ್ಲಿ ಬಿಡಿ, ಶುರುವಿನವರಿಗೆ ಜೋಡಿ ಪಟ್ಟಿ ಇಷ್ಟೇ ಸಾಕು," ಎಂದು ಅವರು ಸುಮ್ಮನಾದರು. ಆ ವರ್ಷ ತೋರಿಸಲಿಲ್ಲ, ಬಾಯಲ್ಲೂ ಹೇಳಲಿಲ್ಲ. ಆಮೇಲಿನ ವರ್ಷಗಳಲ್ಲೂ ಇಲ್ಲ.

ಆ ವರ್ಷದ ತಂಡದ ಒಬ್ಬ ಈಚೆಗೆ ಒಂದು ಸೋಮವಾರ ನಮ್ಮನ್ನು ನೋಡಲು ಬಂದಿದ್ದ. ಈಗ ಪೇಟೆಯ ಆಚೆ ಒಂದು ಕಾರ್ಖಾನೆಯಲ್ಲಿ ಹಿರಿಯ ಫಿಟ್ಟರ್. ಮೀಸೆ ಬಂದಿದೆ, ಹೊಟ್ಟೆಯೂ ಬಂದಿದೆ. ಅವನ ಸ್ವಂತ ಅಕ್ಕನಿಗೂ ಅಲ್ಲೇ ಯಂತ್ರ ಒರೆಸುವ ಕೆಲಸ ಕೊಡಿಸಿದ್ದ.

"ಸಾರ್, ನಿಮ್ಮ ಪಟ್ಟಿ ನನ್ನ ಮಾನ ಉಳಿಸ್ತು," ಎಂದು ಕುರ್ಚಿ ಎಳೆದುಕೊಂಡ. "ತಗಡು ಒತ್ತೋ ನಮ್ಮ ದೊಡ್ಡ ಪ್ರೆಸ್ಸಿನ ಫ್ಲೈವೀಲು, ಅದೇ ಭಾರದ ಚಕ್ರ, ಬಿರುಕು ಬಿಟ್ಟಿತ್ತು. ಹಳೇದು ಗಟ್ಟಿ ತಟ್ಟೆ ಥರ ಇತ್ತು. ಗೋದಾಮಲ್ಲಿ ಇನ್ನೊಂದು ಸಿಕ್ತು, ನಡುವೆ ತೆಳ್ಳಗೆ, ಅಂಚು ದಪ್ಪ. ವ್ಯಾಸ ಅಷ್ಟೇ, ತೂಕಾನೂ ಕೆ.ಜಿ.ಗೆ ಕೆ.ಜಿ. ಅಷ್ಟೇ. ಬ್ರೇಕು, ಟೈಮರು ಎಲ್ಲ ಮತ್ತೆ ಹೊಂದಿಸ್ಬೇಕೇನೋ ಅಂತ ಮೇಲಿನವರು ತಲೆ ತಿಂದ್ರು. ನಾನು ಹೇಳ್ದೆ, ದ್ರವ್ಯರಾಶಿಗೆ ಜೋಡಿ ಜಡತ್ವ, ತೂಕ ಬದಲಾಗಿಲ್ಲ ಅಂದ್ಮೇಲೆ ಜಡತ್ವಾನೂ ಬದಲಾಗಿಲ್ಲ ಅಂತ. ನಾಳೆಯಿಂದ ಓಡಿಸ್ತೀವಿ. ಸರಿ ತಾನೆ ಸಾರ್?"

ಮೇಷ್ಟ್ರು ನಗುತ್ತಾ ತಲೆ ಆಡಿಸಿದರು. "ಭೇಷ್ ಕಣಯ್ಯ," ಎಂದರು. ಅವರ ಗಮನವೆಲ್ಲ ಅವನ ಮೀಸೆಯ ಮೇಲಿತ್ತು, ಶಿಷ್ಯ ಬೆಳೆದ ಖುಷಿಯಲ್ಲಿತ್ತು. ನನಗೂ ಖುಷಿಯಾಗಿತ್ತು, ಚಹಾ ನಾನೇ ಮಾಡಿ ಕೊಟ್ಟೆ.

ಬುಧವಾರ ಬೆಳಿಗ್ಗೆ ನನ್ನ ಹೂಕುಂಡ ಒಡೆಯಿತು. ಬೆಕ್ಕು ಹಾರಿತೋ, ಗಾಳಿಯೋ, ಗೊತ್ತಿಲ್ಲ. ಮಣ್ಣು ಗುಡಿಸುವಾಗ ತುಕ್ಕು ಹಿಡಿದ ಬಳೆ ಕೈಗೆ ಬಂತು. ಸೀಮೆಎಣ್ಣೆ ಹಚ್ಚಿ ಉಜ್ಜಿ, ಗುರುವಾರ ತಂದು, ಕಪಾಟಿನ ಹಿಂದೆ ಸಿಕ್ಕಿತು ಎಂದು ಸುಳ್ಳು ಹೇಳಿ ಕೊಟ್ಟೆ. ಮೇಷ್ಟ್ರ ಮುಖ ಅರಳಿತು. ಮಧ್ಯಾಹ್ನ ಹನ್ನೆರಡೂವರೆಗೆ ತರಗತಿ. ಹಲಗೆ ಓರೆ ಮಾಡಿ, ಬಿಲ್ಲೆ ಮತ್ತು ಬಳೆ ಎರಡನ್ನೂ ಒಟ್ಟಿಗೆ ಬಿಟ್ಟರು.

ಬಿಲ್ಲೆ ಕೆಳಗೆ ಮುಟ್ಟಿದಾಗ ಬಳೆ ಇನ್ನೂ ದಾರಿಯಲ್ಲಿತ್ತು.

"ಯಾಕೆ?" ಎಂದು ತರಗತಿಯನ್ನು ಕೇಳಿ, ಉತ್ತರವನ್ನು ತಾವೇ ಶುರುಮಾಡಿದರು. "ತೂಕ ಒಂದೇ ಆದ್ರೂ ಆ ತೂಕ ಅಕ್ಷದಿಂದ ಎಷ್ಟು ದೂರ ಕೂತಿದೆ ಅನ್ನೋದು ಮುಖ್ಯ. ದೂರ ಎರಡರಷ್ಟಾದ್ರೆ ಜಡತ್ವ ನಾಲ್ಕರಷ್ಟು. ಬಳೇಲಿ ತೂಕವೆಲ್ಲ ಅಂಚಲ್ಲಿದೆ, ಅದಕ್ಕೆ ಬಿಲ್ಲೆಗಿಂತ ಎರಡರಷ್ಟು..." ಅಲ್ಲಿಗೆ ಮಾತು ನಿಂತಿತು. ಕೈಯಲ್ಲಿದ್ದ ಸೀಮೆಸುಣ್ಣ ನೆಲಕ್ಕೆ ಬಿದ್ದು ಮುರಿಯಿತು. ಅವರು ಅದನ್ನು ನೋಡಲೇ ಇಲ್ಲ. ಮುಖ ಸುಣ್ಣದ ಹಾಗಾಗಿತ್ತು.

"ಲ್ಯಾಬಮ್ಮ, ನಿಮ್ಮ ಸ್ಕೂಟರ್ ಇದೆಯಾ?"

ಮೆಟ್ಟಿಲು ಇಳಿಯುತ್ತಲೇ ಫಿಟ್ಟರ್‌ಗೆ ಫೋನ್ ಮಾಡಿದರು. ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಅಲ್ಲಿ ಎಲ್ಲರ ಫೋನೂ ಪೆಟ್ಟಿಗೆಯಲ್ಲಿರುತ್ತದೆ. ಕಾರ್ಖಾನೆಯ ಬೇರೆ ನಂಬರ್ ನಮ್ಮಲ್ಲಿರಲಿಲ್ಲ. ಸ್ಕೂಟರಿನ ಹಿಂದೆ ಕೂತು, ನನ್ನ ಭುಜ ಹಿಡಿದು, ಸೋಮವಾರ ಚಹಾ ಕುಡಿಯುತ್ತಾ ಫಿಟ್ಟರ್ ತಮಗೆ ಹೇಳಿದ್ದನ್ನೆಲ್ಲ ಅವರು ಕಿವಿಯ ಹತ್ತಿರ ಹೇಳುತ್ತಾ ಹೋದರು. ಪ್ರೆಸ್ಸನ್ನು ದಿನವೂ ಮಧ್ಯಾಹ್ನ ಒಂದಕ್ಕೆ ಒರೆಸಲು ನಿಲ್ಲಿಸುತ್ತಾರೆ. ಮೋಟರ್ ಆರಿದರೂ ಚಕ್ರ ತಿರುಗುತ್ತಲೇ ಇರುತ್ತದೆ, ಬ್ರೇಕು ಅದನ್ನು ನಿಧಾನವಾಗಿ ನಿಲ್ಲಿಸುತ್ತದೆ. ಹಳೆಯ ಚಕ್ರ ನಿಲ್ಲಲು ನಲವತ್ತು ಸೆಕೆಂಡು ಬೇಕಿತ್ತು. ಅದಕ್ಕೇ ಐವತ್ತನೇ ಸೆಕೆಂಡಿಗೆ ಹಸಿರು ದೀಪ ಹತ್ತಿ, ಜಾಲರಿ ಬಾಗಿಲಿನ ಬೀಗ ಬಿಚ್ಚಿಕೊಳ್ಳುವಂತೆ ಟೈಮರ್ ಇಟ್ಟಿದ್ದಾರೆ. "ಹೊಸ ಚಕ್ರದ ವೇಗ ಅದೇ, ಜಡತ್ವ ಹತ್ತತ್ರ ಎರಡರಷ್ಟು. ಅಂದ್ರೆ ಕೋನೀಯ ಸಂವೇಗಾನೂ ಹತ್ತತ್ರ ಎರಡರಷ್ಟು. ಬ್ರೇಕಿನ ಟಾರ್ಕ್ ಮಾತ್ರ ಹಳೇದೇ. ನಿಲ್ಲೋಕೆ ಎಪ್ಪತ್ತು, ಎಂಬತ್ತು ಸೆಕೆಂಡು ಬೇಕು, ಲ್ಯಾಬಮ್ಮ. ದೀಪ ಹತ್ತಿದಾಗ ಅದು ಇನ್ನೂ ತಿರುಗ್ತಿರತ್ತೆ."

"ತಿರುಗ್ತಿದ್ರೆ ಕಾಣಲ್ವಾ ಸಾರ್?"

"ಅಂಚು ನುಣ್ಣಗೆ, ಒಂದೇ ಬಣ್ಣ. ತಿರುಗಿದ್ರೂ ನಿಂತ ಹಾಗೇ ಕಾಣತ್ತೆ. ಸುತ್ತ ಅಷ್ಟು ಗದ್ದಲ, ಸದ್ದೂ ಕೇಳಲ್ಲ." ನನ್ನ ಭುಜವನ್ನು ಇನ್ನೂ ಬಿಗಿಯಾಗಿ ಹಿಡಿದರು. "ಒರೆಸೋಳು ಅವನ ಅಕ್ಕ."

ಹೂಕುಂಡದ ಕೆಳಗಿನ ಬಳೆಯ ವಿಷಯ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ರೈಲು, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲ. ಮುಂದೆ ನಿಂತ ಆಟೋದವನಿಗೆ ಸುಮ್ಮಸುಮ್ಮನೆ ಬೈದೆ. ಗೇಟು ಎತ್ತುವಾಗ ಗಂಟೆ ಒಂದಕ್ಕೆ ಒಂಬತ್ತು ನಿಮಿಷ ಬಾಕಿ. ಕಾರ್ಖಾನೆಯ ಬಾಗಿಲಲ್ಲಿ ಕಾವಲುಗಾರ, "ಹೆಸರು, ಊರು, ಯಾರನ್ನ ನೋಡ್ಬೇಕು, ಬರೀರಿ," ಎಂದು ಪುಸ್ತಕ ಚಾಚಿದ. ಮೇಷ್ಟ್ರು ಬರೆಯಲು ಬಗ್ಗಿದರು. ನಾನು ಪುಸ್ತಕ ಕಿತ್ತು ಮೇಜಿನ ಮೇಲೆ ಬಿಸಾಕಿ, ಅವರ ತೋಳು ಹಿಡಿದು ಒಳಗೆ ಎಳೆದುಕೊಂಡು ಓಡಿದೆ. ಅಷ್ಟರಲ್ಲಿ ಒಂದು ಗಂಟೆಯ ಸೈರನ್ ಕೂಗಿತು.

ಉದ್ದನೆಯ ಹಜಾರ, ಎಣ್ಣೆಯ ವಾಸನೆ. ಎರಡೂ ಕಡೆ ಯಂತ್ರಗಳು ಬಡಿದುಕೊಳ್ಳುತ್ತಿದ್ದವು. ದೊಡ್ಡ ಪ್ರೆಸ್ಸು ಕೊನೆಯಲ್ಲಿತ್ತು. ಅದೊಂದೇ ಸುಮ್ಮನೆ ನಿಂತಿತ್ತು. ಪಕ್ಕದಲ್ಲಿ ಗಿಡ್ಡನೆಯ ಹೆಂಗಸು, ತಲೆಗೆ ಬಟ್ಟೆ ಕಟ್ಟಿ, ಒಂದು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ದೀಪ ನೋಡುತ್ತಿದ್ದಳು. ದೀಪ ಹಸಿರಾಯಿತು. ಅವಳು ಜಾಲರಿ ಬಾಗಿಲು ತೆರೆದಳು. ಒಳಗೆ ಬೂದು ಬಣ್ಣದ ಚಕ್ರ, ನಿಂತ ಹಾಗೇ ಇತ್ತು.

"ಅಕ್ಕಾ! ಕೈ ತೆಗಿ!"

ಹದಿನಾಲ್ಕು ವರ್ಷ ಎಲ್ಲರೂ ಆಡಿಕೊಂಡ ನನ್ನ ದೊಡ್ಡ ಗಂಟಲು ಆ ದಿನ ಕೆಲಸಕ್ಕೆ ಬಂತು. ಅವಳು ಬೆಚ್ಚಿ ಹಿಂತಿರುಗಿದಳು. ಕೈ ಹಿಂದೆ ಬಂತು, ಬಟ್ಟೆಯ ತುದಿ ಚಕ್ರಕ್ಕೆ ತಾಗಿತು. ಬಟ್ಟೆ ಅವಳ ಕೈಯಿಂದ ಹೋಯಿತು. ಬೆಲ್ಟು ಮತ್ತು ಚಕ್ರದ ಸಂದಿಯೊಳಗೆ ನುಗ್ಗಿ ಆಚೆ ಬದಿಯಲ್ಲಿ ಚಿಂದಿಯಾಗಿ ಬಿತ್ತು.

ಫಿಟ್ಟರ್ ಓಡಿ ಬಂದವನು ಚಿಂದಿ ನೋಡಿದ, ಮೇಷ್ಟ್ರನ್ನು ನೋಡಿದ. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕುಸಿದ.

ಅಕ್ಕ ಮಾತ್ರ ತನ್ನ ಚೀಲದ ಹತ್ತಿರ ಹೋಗಿ ಒಂದು ರಬ್ಬರ್ ಕೈಗವಸು ತಂದಳು. ಅವಳ ಕೈಗೆ ಎರಡು ಅಳತೆ ದೊಡ್ಡದು. ಅದರ ಎರಡು ಬೆರಳುಗಳ ತುದಿ ಇರಲಿಲ್ಲ. "ನಿನ್ನೆ ಹಿಂಗಾಯ್ತು," ಎಂದಳು. "ಬೆರಳು ಅಲ್ಲಿವರೆಗೂ ಇರ್ಲಿಲ್ಲ, ಅದಕ್ಕೆ ಬಚಾವಾದೆ. ದೀಪ ಹಸಿರಿತ್ತು. ಚಕ್ರ ನಿಂತಿತ್ತು. ನನ್ನ ಕಣ್ಣೇ ಮಂಜಾಗಿದೆ ಅಂದ್ಕೊಂಡೆ. ಹೇಳಿದ್ರೆ ಕಣ್ಣು ಕಾಣದೋಳು ಅಂತ ಕೆಲಸದಿಂದ ತೆಗೀತಾರೆ, ಇವನ ಮಾನಾನೂ ಹೋಗತ್ತೆ ಅಂತ ಬಾಯಿ ಮುಚ್ಚಿಕೊಂಡೆ."

"ಅಕ್ಕಾ..." ಎಂದ ಫಿಟ್ಟರ್.

"ನಿಮ್ಮ ಕಣ್ಣು ಸರಿಯಾಗಿದೆಯಮ್ಮ," ಎಂದರು ಮೇಷ್ಟ್ರು. "ಇವನ ತಪ್ಪೂ ಅಲ್ಲ. ನಾನು ಇವನಿಗೆ ಅರ್ಧ ಪಾಠ ಹೇಳಿ ಕಳಿಸ್ದೆ. ಸೋಮವಾರ ಅವನು ಕೇಳಿದಾಗ್ಲೂ ತಲೆ ಆಡಿಸ್ದೆ."

ಆಗ ನನಗೂ ತಡೆಯಲಾಗಲಿಲ್ಲ. ಬಳೆ, ಹೂಕುಂಡ, ಸುಳ್ಳು ಎಲ್ಲವನ್ನೂ ಆ ಹಜಾರದಲ್ಲೇ ಹೇಳಿ ಅತ್ತುಬಿಟ್ಟೆ. ಮೇಷ್ಟ್ರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅಕ್ಕ ಕೇಳಿದಳು, "ಆ ಉಳಿದರ್ಧ ಏನು? ಕೈ ಹಾಕೋಳು ನಾನು. ನನಗೆ ಹೇಳಿ."

ಮೇಷ್ಟ್ರು ನೆಲದ ಮೇಲೆ ಕೂತರು. ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ನಡುವೆ ಗೆರೆ ಎಳೆದು ಅದೇ ಜೋಡಿ ಪಟ್ಟಿ ಬರೆದರು. "ಸಾಮಾನು ತುಂಬಿದ ಗಾಡಿ ಓಡ್ತಿದೆ ಅನ್ಕೊಳ್ಳಿ. ಅದರ ತೂಕ ಮತ್ತೆ ವೇಗ ಸೇರಿ ಸಂವೇಗ. ನೀವು ಹಿಡಿದು ನಿಲ್ಸೋದು ಬಲ. ಗಾಡಿ ಭಾರ ಎರಡರಷ್ಟಾದ್ರೆ, ಅದೇ ವೇಗದಲ್ಲಿ ಅದೇ ಬಲ ಹಾಕಿದ್ರೆ, ನಿಲ್ಲೋ ಹೊತ್ತೂ ಎರಡರಷ್ಟು. ಚಕ್ರಕ್ಕೂ ಹಾಗೇ. ಆದ್ರೆ ಚಕ್ರಕ್ಕೆ ಬರೀ ಎಷ್ಟು ತೂಕ ಅಂತ ಕೇಳಿದ್ರೆ ಸಾಲದು. ಎಲ್ಲಿ ತೂಕ ಅಂತಾನೂ ಕೇಳ್ಬೇಕು." ಈ ಕೊನೆಯ ಮಾತನ್ನು ಬಲಗಡೆ ಮೊದಲ ಸಾಲಿನ ಪಕ್ಕ ಬರೆದರು. ಅಷ್ಟು ವರ್ಷ ಆ ಜಾಗ ಖಾಲಿಯಿತ್ತು.

ಆಮೇಲೆ ನಿಂತ ಚಕ್ರದ ಅಂಚಿಗೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದು, ಬಾಗಿಲು ಹಾಕಿ, ಮೋಟರ್ ಓಡಿಸಿ ಆರಿಸಿದರು. ಅಕ್ಕ ಎಣಿಸಿದಳು. ಐವತ್ತಕ್ಕೆ ದೀಪ ಹಸಿರಾಯಿತು. ಬಿಳಿ ಗೆರೆ ಇನ್ನೂ ಸುತ್ತುತ್ತಿತ್ತು. ಅರವತ್ತು. ಎಪ್ಪತ್ತು. ಎಪ್ಪತ್ತಾರಕ್ಕೆ ನಿಂತಿತು. ಫಿಟ್ಟರ್ ಪ್ರೆಸ್ಸಿನ ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ ಕೀಲಿ ಅಕ್ಕನ ಕೈಗೆ ಕೊಟ್ಟ. ಬ್ರೇಕು, ಟೈಮರು ಎರಡನ್ನೂ ಹೊಸದಾಗಿ ಹೊಂದಿಸುವವರೆಗೆ ಅವಳು ಅದನ್ನು ಯಾರಿಗೂ ಕೊಡಲಿಲ್ಲ.

ಮೇಷ್ಟ್ರು ಈಗಲೂ ಜೋಡಿ ಪಾಠ ಮಾಡುತ್ತಾರೆ, ಬಳೆ ಬಿಟ್ಟು ತೋರಿಸದೆ ಪಟ್ಟಿ ಬರೆಯುವುದಿಲ್ಲ. ಹಳೆಯ ಹಾಜರಿ ಪುಸ್ತಕ ತೆಗೆದು, ಬಳೆ ಇಲ್ಲದ ವರ್ಷಗಳಲ್ಲಿ ಕಲಿತು ಹೋದ ಇನ್ನೂರ ಹನ್ನೊಂದು ಜನರ ವಿಳಾಸವನ್ನು ನನ್ನಿಂದಲೇ ಬರೆಸಿದರು. ಎಷ್ಟು ತೂಕ ಅಂತಷ್ಟೇ ಅಲ್ಲ, ಎಲ್ಲಿ ತೂಕ ಅಂತಾನೂ ಕೇಳಿ, ತಲುಪಿದ್ದಕ್ಕೆ ಉತ್ತರ ಬರೀರಿ ಎಂದು ಎಲ್ಲರಿಗೂ ಒಂದೇ ಸಾಲಿನ ಕಾಗದ ಹಾಕಿದೆವು. ಇದುವರೆಗೆ ನೂರ ನಲವತ್ತು ಉತ್ತರ ಬಂದಿವೆ. ಉಳಿದವರು ಎಲ್ಲಿ, ಯಾವ ಯಂತ್ರದ ಪಕ್ಕ ನಿಂತಿದ್ದಾರೋ ನನಗೆ ಗೊತ್ತಿಲ್ಲ. ಅಂಚೆಯವನು ಬಂದಾಗಲೆಲ್ಲ ಮೇಷ್ಟ್ರು ಪಾಠ ನಿಲ್ಲಿಸಿ ಬಾಗಿಲಿಗೆ ಬರುತ್ತಾರೆ.