ಸಂಜೆಗೆ ನಿಲ್ಲುವ ಹಾಡು

ನಮ್ಮತ್ತೆ ಸಂಜೆ ಹೊತ್ತು ವಿಡಿಯೋದಲ್ಲಿ ಸಂಗೀತ ಹೇಳಿಕೊಡುತ್ತಿದ್ದರು. ಬೆಳಗ್ಗೆಯೆಲ್ಲ ಸರಾಗವಾಗಿ ಓಡುವ ಇಂಟರ್ನೆಟ್ಟು ಪಾಠದ ಹೊತ್ತಿಗೇ ಕುಂಟುತ್ತಿತ್ತು. ಅರ್ಧ ಸಾಲಿಗೆ ಅವರ ಬಾಯಿ ತೆರೆದ ಮುಖ ಪರದೆಯ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಶಿಷ್ಯರು ಒಬ್ಬೊಬ್ಬರಾಗಿ ಜಾರಿಕೊಂಡರು.

ದೂರು ಕೊಟ್ಟರೆ ಇಂಟರ್ನೆಟ್ ಲೈನಿನವನು ಬರುತ್ತಿದ್ದುದು ಮಧ್ಯಾಹ್ನ. ಆಗ ಎಲ್ಲವೂ ಸರಿಯಿರುತ್ತಿತ್ತು. "ಲೈನ್ ಚೆನ್ನಾಗಿದೆ ಅಮ್ಮಾ. ಈ ಕಬ್ಬಿಣದ ಬೀರುವೇ ವೈಫೈಗೆ ಅಡ್ಡ," ಎಂದ.

ಅದು ತೀರಿಹೋದ ಮಾವನ ಬೀರು. ಅತ್ತೆ ದಿನಾ ಅದರ ಬಾಗಿಲು ತೆರೆದು ಅವರ ಅಂಗಿಗಳನ್ನು ಮುಟ್ಟಿ ನೋಡುತ್ತಿದ್ದರು. ಆದರೂ ಅವನ ಮಾತು ನಂಬಿ, ನಾನು ಬೇಡ ಬೇಡವೆಂದರೂ ಕೇಳದೆ ಅದನ್ನು ಗುಜರಿಗೆ ಹಾಕಿದರು.

ಸಂಜೆ ಮತ್ತೆ ಅದೇ ಕಥೆ. ಮೈಯೆಲ್ಲ ಉರಿದು, ಮಾರನೇ ದಿನ ಅವನನ್ನು ಪಾಠದ ಹೊತ್ತಿಗೇ ಕರೆತಂದೆ. ಮನೆಯ ಫೋನುಗಳನ್ನೆಲ್ಲ ಆಫ್ ಮಾಡಿಸಿ, ಲ್ಯಾಪ್‌ಟಾಪನ್ನು ಮೋಡೆಮ್ಮಿಗೆ ನೇರವಾಗಿ ತಂತಿಯಲ್ಲೇ ಸೇರಿಸಿ ನೋಡಿದ. ಆಗಲೂ ಆಮೆನಡಿಗೆ.

"ತೊಂದರೆ ಮನೆಯೊಳಗಿಲ್ಲಮ್ಮಾ. ಬೀದಿಗೆಲ್ಲ ಒಂದೇ ಲೈನು. ಸಂಜೆ ಎಲ್ಲರೂ ಒಟ್ಟಿಗೆ ಇಂಟರ್ನೆಟ್ ಹಾಕ್ಕೊಂಡು ಕೂರ್ತಾರೆ."

"ಬೀರು ಅಡ್ಡ ಆಗಿದ್ದಿದ್ರೆ ಬೆಳಗ್ಗೇನೂ ಅಡ್ಡಾನೇ ಆಗ್ಬೇಕಿತ್ತಲ್ಲಯ್ಯಾ!" ಎಂದು ಹರಿಹಾಯ್ದೆ.

ಅತ್ತೆಗೆ ನಮ್ಮಿಬ್ಬರ ಮಾತೂ ಬೇಕಿರಲಿಲ್ಲ. ಬೀರು ನಿಂತಿದ್ದಷ್ಟಗಲ ಗೋಡೆಯ ಸುಣ್ಣ ಇನ್ನೂ ಹೊಸದಾಗಿ ಬೆಳ್ಳಗಿತ್ತು. ಅದರ ಮೇಲೆ ಕೈಯಾಡಿಸುತ್ತ ನಿಂತಿದ್ದರು.