ಹಾಕದೆ ಬಿಟ್ಟ ಇನ್ನೊಂದು ನಂಬರ್

ಆನ್‌ಲೈನ್‌ನಲ್ಲಿ ಸಾಮಾನು ಮಾರುವ ಒಂದು ಕಂಪನಿ ತನ್ನ ಆ್ಯಪ್‌ನ ಭದ್ರತಾ ದೋಷವನ್ನು ಮೊದಲು ತಿಳಿಸಿದವರಿಗೆ ಬಹುಮಾನ ಕೊಡುತ್ತಿತ್ತು. ಬೇಲೂರಿನ ನಮ್ಮ ಬಾಡಿಗೆ ಕೋಣೆಯಲ್ಲಿ ನಾನೂ ಹುಡುಕಲು ಕೂತೆ. ಪರೀಕ್ಷೆಗೆ ಬಿಟ್ಟಿದ್ದ ಪುಟದಲ್ಲಿ ನನ್ನ ಆರ್ಡರ್ ನಂಬರಿನ ಕೊನೆಯ ಅಂಕಿ ಬದಲಿಸಿದಾಗ ಅರೇಹಳ್ಳಿಯ ಯಾರದೋ ಮನೆ ವಿಳಾಸ ತೆರೆದುಕೊಂಡಿತು. ಪುರಾವೆ ಗಟ್ಟಿಯಾಗಲೆಂದು ಇನ್ನೊಂದು ನಂಬರ್ ಹಾಕಹೊರಟೆ.

"ನಿಲ್ಸೇ! ನಿಯಮ ಪೂರ್ತಿ ಓದಿದ್ಯೇನೇ?" ಎಂದು ಕೋಣೆಯಲ್ಲಿ ಜೊತೆಗಿದ್ದ ಗೆಳತಿ ಕೈ ಹಿಡಿದಳು.

ಕಂಪನಿಯ ನಿಯಮ ತೆರೆದು ಓದಿದೆ. "ಬೇರೆಯವರ ಮಾಹಿತಿ ಕಂಡೊಡನೆ ನಿಲ್ಲಿಸಿ, ಅದನ್ನು ಉಳಿಸಿಕೊಳ್ಳದೆ ನಮಗೆ ತಿಳಿಸಿ" ಎಂದಿತ್ತು. ಮೀರಿದರೆ ಕಾನೂನು ಕ್ರಮ. ಇನ್ನೊಂದು ನಂಬರ್ ಹಾಕದೆ, ಅಲ್ಲಿಯವರೆಗೆ ಮಾಡಿದ್ದನ್ನು, ಕಂಡದ್ದನ್ನು ಮಾತ್ರ ಬರೆದು ಕಂಪನಿಗೆ ಕಳಿಸಿದೆ.

ಕೆಲವು ದಿನಗಳಲ್ಲಿ ಉತ್ತರ ಬಂತು: ಬೇರೊಬ್ಬರು ಮೊದಲೇ ತಿಳಿಸಿದ್ದಾರೆ, ಬಹುಮಾನವಿಲ್ಲ, ಧನ್ಯವಾದ.

"ದುಡ್ಡೂ ಬರ್ಲಿಲ್ಲ, ಪೊಲೀಸೂ ಬರ್ಲಿಲ್ಲ. ಕಾಫಿ ಕೊಡ್ಸೇ," ಎಂದು ಗೆಳತಿ ನಕ್ಕಳು.

ಕೊಡಿಸಿದೆ. ಅವಳು ಅಂದು ಕೈ ಹಿಡಿದದ್ದಕ್ಕೆ ಆ ಕಾಫಿ ತೀರಾ ಕಡಿಮೆ.