ಹಸಿರು ಕಂಬಿ

ಗುಬ್ಬಿಯ ದೊಡ್ಡರಂಗಯ್ಯ ಜಂಬದ ಮನುಷ್ಯ. ಬಟವಾಡಿಯಿಂದ ವಸಂತನರಸಾಪುರದವರೆಗೆ ಅವನು ಕಂಬಿ ಕಟ್ಟಿದ ಒಂದು ಕಂಬವೂ ಬಿರುಕು ಬಿಟ್ಟಿರಲಿಲ್ಲ. ಕಂಬಿಯ ಮೇಲಿನ ಗ್ರೇಡಿನ ಅಚ್ಚು ಓದುತ್ತಿದ್ದ, ಒಂದು ತುಂಡನ್ನು ಮಣಿಸಿ ನೋಡುತ್ತಿದ್ದ, ಅಷ್ಟೇ. ತೆಳು ತುಕ್ಕನ್ನು ಅವನೆಂದೂ ಲೆಕ್ಕಕ್ಕಿಟ್ಟವನಲ್ಲ.

ಹೊನ್ನಾವರದಲ್ಲಿ ಟೀಚರಾಗಿರುವ ಮಗಳು ಕೋಮಲಾ ಕಡಲ ಪಕ್ಕ ಮನೆ ಕಟ್ಟಿಸತೊಡಗಿದಾಗ, ಕಂಬಗಳ ಕೆಲಸಕ್ಕೆ ಬೇರೆಯವರನ್ನು ಕರೆಯಲು ಅವನು ಬಿಡಲಿಲ್ಲ. ಎಂಜಿನಿಯರ್ ಅನಿಕೇತ್ ತರಿಸಿದ್ದು ಎಪಾಕ್ಸಿ ಲೇಪದ ಹಸಿರು ಕಂಬಿ. ಅಚ್ಚಿನಲ್ಲಿ ಐನೂರು ಡಿ ಎಂದಿತ್ತು, ಒಳ್ಳೆಯ ಗ್ರೇಡು. ಊರಿನಲ್ಲಿ ಮಾಡುವಂತೆಯೇ ನೆಲದ ಮೇಲೆ ದರದರ ಎಳೆದು, ಬರಿಯ ಕಬ್ಬಿಣದ ಗೂಟಗಳ ನಡುವೆ ಮಣಿಸಿ, ಮಾಮೂಲಿ ತಂತಿಯಲ್ಲಿ ಬಿಗಿದು ನಿಲ್ಲಿಸಿದ.

ಕಾಂಕ್ರೀಟಿನ ಹಿಂದಿನ ದಿನ ಅನಿಕೇತ್ ಬಂದು ಕಂಬಿಯ ಬಾಗುಗಳಲ್ಲಿ ಲೇಪ ಕಿತ್ತಿರುವುದನ್ನು ನೋಡಿ ತಲೆ ಹಿಡಿದುಕೊಂಡ.

"ಬಣ್ಣ ತಾನೆ ಹೋಗಿರೋದು? ಕಂಬಿ ಗಟ್ಟಿ ಐತೆ ಬುಡಿ ಸಾರ್," ಎಂದ ದೊಡ್ಡರಂಗಯ್ಯ.

"ಗ್ರೇಡು ಭಾರ ಹೊರೋಕೆ, ಯಜಮಾನ್ರೆ. ಕಡಲಗಾಳಿ ಉಪ್ಪನ್ನ ತಡೆಯೋದು ಲೇಪ. ಅದು ಕಿತ್ತಿರೋ ಜಾಗದಲ್ಲೇ ಉಪ್ಪು ಕಂಬೀನ ಕೊರೆಯುತ್ತೆ. ಒಂದೆರಡು ಗೀರಾಗಿದ್ರೆ ಪೇಂಟ್ ಹಚ್ಚಬಹುದಿತ್ತು."

ದೊಡ್ಡರಂಗಯ್ಯ ಉರಿದುಬಿದ್ದ. ಅನಿಕೇತ್ ಹೋದ ಮೇಲೆ ಕಂಬಿಗಳ ಒಳಗೆ ಕೈ ತೂರಿಸಿ ತಡವಿದ. ಬೆರಳು ಹೋದಲ್ಲೆಲ್ಲ ಸಿಪ್ಪೆ ಎದ್ದಿತ್ತು. ಮೊನ್ನೆ ಬೆಳ್ಳಗೆ ಹೊಳೆಯುತ್ತಿದ್ದ ಗೀರುಗಳು ಆಗಲೇ ಕೆಂಪಾಗಿದ್ದವು.

ಕೋಮಲಾ ಸಮಾಧಾನ ಹೇಳಿದಳು: "ಬಿಡಪ್ಪ, ಅವ್ರು ಹಂಗೇ ಅಂತಾರೆ. ನಿನ್ ಕೈ ಮುಟ್ಟಿರೋ ಕಂಬ, ನಂಗೇನ್ ಭಯ?"

ಅವನು ತಂತಿಯ ಮೊದಲ ಗಂಟನ್ನು ಕತ್ತರಿಸಿದ.

"ನನ್ ಕೈ ಮುಟ್ಟಿರೋದೇ ಭಯ ಕಣವ್ವ."